‘ದುಗ್ರಕ್ಕೆ’ಯನ್ನು ‘ದುರ್ಗಕ್ಕೆ’ ಮಾಡಲು ಮೂರು ತೇಪೆ: ಯಾವುದು ಕಿವಿಗೆ ಸಿಗಲಿಲ್ಲ?

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಮನೆಯ ಹಾಲ್‌ನಲ್ಲಿ ಆಡಿಯೋ ನಾಟಕ ರೆಕಾರ್ಡ್ ಮಾಡಿದ್ದೆವು. ಫ್ಯಾನ್ ಆರಿಸಿದ್ದರೂ ಅಡುಗೆಮನೆಯ ಫ್ರಿಜ್ಜಿನ ಗುಂಯ್ ಸದ್ದು ಇದ್ದೇ ಇತ್ತು. “ಅವ್ವಾ, ನಾಳೆ ದುರ್ಗಕ್ಕೆ ಹೋಗ್ತೀನಿ” ಅನ್ನುವಾಗ ಕಲಾವಿದೆಯ ನಾಲಿಗೆ ತೊಡರಿ ‘ದುಗ್ರಕ್ಕೆ’ ಆಯಿತು. ಆ ಟೇಕ್‌ನಲ್ಲಿದ್ದ ಅಳುಕು ಬೇರೆ ಯಾವುದರಲ್ಲೂ ಬಂದಿರಲಿಲ್ಲ, ಬಿಡೋಕೆ ಮನಸ್ಸಾಗಲಿಲ್ಲ.

ಪುಣ್ಯಕ್ಕೆ ರೂಮ್ ಟೋನ್ ನಮ್ಮ ಹತ್ತಿರ ಇತ್ತು. ಯಾರೂ ಮಾತಾಡದಾಗ ಕೋಣೆಯಲ್ಲಿ ಉಳಿಯುವ ಸದ್ದು ಅದು. ಮೈಕ್ ಕದಲಿಸದೆ, ಗೇನ್ ಮುಟ್ಟದೆ, ಎಲ್ಲರೂ ಸುಮ್ನೆ ನಿಂತು ಒಂದು ನಿಮಿಷ ಹಿಡಿದಿಟ್ಟಿದ್ದೆವು.

ಮೊದಲ ತೇಪೆಗೆ, ರೆಕಾರ್ಡಿಂಗ್ ಮುಗಿದಮೇಲೆ ಬೇರೆ ಕೋಣೆಯಲ್ಲಿ ಹೇಳಿಸಿದ ‘ದುರ್ಗಕ್ಕೆ’ ಪದವನ್ನು ಹಾಗೇ ಕೂರಿಸಿದೆ. ಫೋನಿನ ಸ್ಪೀಕರ್‌ನಲ್ಲಿ ಸರಿಯೇ ಅನ್ನಿಸಿತು. ಇಯರ್‌ಫೋನ್ ಹಾಕಿದರೆ ಫ್ರಿಜ್ಜಿನ ಸದ್ದು ಆ ಪದದ ಹತ್ತಿರ ಥಟ್ಟನೆ ನಿಂತು ಮತ್ತೆ ಶುರುವಾಗುತ್ತದೆ. ಇದು ನಡೆಯಲ್ಲ.

ಎರಡನೆಯದಕ್ಕೆ ಅದೇ ಪದದ ಕೆಳಗೆ ರೂಮ್ ಟೋನ್ ಹಾಸಿದೆ. ಗುಂಡಿ ಮುಚ್ಚಿತು. ಆದರೆ ದನಿ ಮಾತ್ರ ಹತ್ತಿರದಿಂದ ಬಂದಂತೆ ಕೇಳಿಸಿತು. ರೂಮ್ ಟೋನ್ ಕೋಣೆಯ ಸದ್ದನ್ನು ಕೊಡುತ್ತದೆ, ದನಿ ಗೋಡೆಗೆ ಬಡಿದು ಬರುವ ಮಾರ್ದನಿಯನ್ನು ಕೊಡಲ್ಲ. ಅದಕ್ಕೆ ಚೂರು ರಿವರ್ಬ್ ಬೇಕು, ಮೈಕಿನ ದೂರವೂ ಹೊಂದಬೇಕು. ಕೆಲಸ ಜಾಸ್ತಿ.

ಮೂರನೆಯದು ಅದೇ ದಿನದ ಇನ್ನೊಂದು ಟೇಕ್‌ನಿಂದ ಪದ ಎತ್ತುವುದು. ಗೆದ್ದಿದ್ದು ಇದೇ. ಹಾಲ್, ಮೈಕ್, ಫ್ರಿಜ್ಜು ಎಲ್ಲ ಒಂದೇ ಅಲ್ವಾ. ಪೂರ್ತಿ ಪದ ಎತ್ತಲಿಲ್ಲ, ‘ದುರ್ಗ’ ಅಷ್ಟೇ ತಂದೆ. ‘ಕ್ಕೆ’ ಹೇಳುವಾಗ ಗಾಳಿ ಒಂದು ಕ್ಷಣ ಪೂರ್ತಿ ಕಟ್ಟುತ್ತದೆ, ಅಲ್ಲಿ ದನಿಯೇ ಇರಲ್ಲ. ವೇವ್‌ಫಾರ್ಮ್ ಹಿಗ್ಗಿಸಿದರೆ ಆ ಜಾಗ ಸಣ್ಣ ಗೆರೆಯಂತೆ ಕಾಣುತ್ತದೆ. ಕತ್ತರಿ ಅಲ್ಲೇ ಹಾಕಿ, ಒಂದು ತುಣುಕು ಇಳಿಯುತ್ತ ಇನ್ನೊಂದು ಏರುವಂತೆ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಕೊಟ್ಟೆ. ‘ಕ್ಕೆ ಹೋಗ್ತೀನಿ’ ಮೂಲ ಟೇಕ್‌ನದೇ ಉಳಿಯಿತು, ಅಳುಕೂ ಉಳಿಯಿತು.

ಹೊಸ ‘ದುರ್ಗ’ ಸ್ವಲ್ಪ ಚುರುಕಾಗಿತ್ತು, ಹಾಗಾಗಿ ‘ನಾಳೆ’ ಆದಮೇಲೆ ಚೂರು ಜಾಗ ಖಾಲಿ ಬಿತ್ತು. ರೂಮ್ ಟೋನ್ ಬೇಕಾಗಿದ್ದು ಆ ಖಾಲಿಗೆ ಮಾತ್ರ. ‘ನಾಳೆ’ಯ ಮಾರ್ದನಿ ಪೂರ್ತಿ ಇಳಿಯಲು ಬಿಟ್ಟು ಆಮೇಲೆ ಟೋನ್ ಸೇರಿಸಬೇಕು, ಇಲ್ಲದಿದ್ದರೆ ಪದದ ಬಾಲ ಕತ್ತರಿಸಿದಂತೆ ಕೇಳುತ್ತದೆ. ಇಲ್ಲಿ ಈಕ್ವಲ್ ಪವರ್ ಕ್ರಾಸ್‌ಫೇಡ್ ಒಳ್ಳೆಯದು, ಲೀನಿಯರ್ ಹಾಕಿದರೆ ನಡುವೆ ಗುಂಯ್ ಸದ್ದು ತಗ್ಗುತ್ತದೆ. ‘ದುರ್ಗ’ದ ಕೆಳಗೂ ಟೋನ್ ಹಾಸಿ ನೋಡಿದೆ. ಅದರಲ್ಲಿ ಆಗಲೇ ಫ್ರಿಜ್ಜಿನ ಸದ್ದು ಇದೆ. ಎರಡು ಸಮ ಸದ್ದು ಸೇರಿದರೆ ಸುಮಾರು 3 ಡೆಸಿಬೆಲ್ ಏರುತ್ತದೆ, ಆ ಪದದಲ್ಲಿ ಮಾತ್ರ ಗುಂಯ್ ಉಬ್ಬಿತು. ತೆಗೆದುಬಿಟ್ಟೆ.

ಎರವಲು ಟೇಕ್‌ನಲ್ಲಿ ಫ್ರಿಜ್ಜಿನ ಮೋಟಾರ್ ನಿಂತಿದ್ದರೆ ಲೆಕ್ಕ ಬೇರೆ, ಆಗ ಪದದ ಕೆಳಗೂ ಟೋನ್ ಬೇಕು. ಆ ಪದ ಬೇರೆ ಯಾವ ಟೇಕ್‌ನಲ್ಲೂ ಸರಿಯಾಗಿ ಬಂದಿಲ್ಲದಿದ್ದರೆ, ಅದೇ ಹಾಲ್‌ಗೆ ಹೋಗಿ ಇಡೀ ವಾಕ್ಯ ಹೇಳಿಸಿ, ಅದರಿಂದ ಪದ ಎತ್ತಿ. ಪದವೊಂದನ್ನೇ ಹೇಳಿಸಿದರೆ ದನಿ ಕೊನೆಗೆ ಇಳಿದುಬಿಡುತ್ತದೆ, ವಾಕ್ಯದ ನಡುವೆ ಕೂರಲ್ಲ.