ಬೇರ್ಮನ್ ಫನಲ್: ಹಲವು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ಮಲದ ಮಾದರಿಯಲ್ಲಿ ಜೀವಂತ ಲಾರ್ವಾ ಹುಡುಕುವುದು ನನ್ನ ಕೆಲಸ. ಅದಕ್ಕೆ ಹಲವು ವರ್ಷಗಳಿಂದ ಬೇರ್ಮನ್ ಫನಲ್ ಬಳಸುತ್ತಿದ್ದೇನೆ. ಒಂದು ಫನಲ್, ಅದರ ಕಾಲಿಗೆ ರಬ್ಬರ್ ಟ್ಯೂಬ್, ಟ್ಯೂಬಿಗೊಂದು ಕ್ಲಿಪ್, ಮೇಲೊಂದು ಜಾಲರಿ. ಇಷ್ಟೇ ಸಾಮಾನು. 1917ರಲ್ಲಿ ಬೇರ್ಮನ್ ಇದನ್ನು ಪ್ರಕಟಿಸಿದ್ದು ಮಣ್ಣಿನಲ್ಲಿ ಕೊಕ್ಕೆಹುಳುವಿನ ಲಾರ್ವಾ ಹುಡುಕೋದಕ್ಕೆ. ಮಲಕ್ಕೂ ಅದೇ ಜೋಡಣೆ ಸಾಕು.

ಇಲ್ಲಿ ಕೆಲಸ ಮಾಡುವುದು ನಾವಲ್ಲ, ಹುಳು. ಸುಮಾರು ಹತ್ತು ಗ್ರಾಂ ಮಲವನ್ನು ಗಾಜ್ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಜಾಲರಿಯ ಮೇಲಿಡುತ್ತೇನೆ. ಉಗುರು ಬೆಚ್ಚಗಿನ ನೀರನ್ನು ಬದಿಯಿಂದ ನಿಧಾನವಾಗಿ ಹಾಕುತ್ತೇನೆ. ನೀರು ಗಂಟಿನ ತಳವನ್ನು ಮುಟ್ಟಿದರೆ ಸಾಕು. ಲಾರ್ವಾ ಒದ್ದೆ ಮತ್ತು ಬಿಸಿಯ ಕಡೆ ಹೊರಳಾಡುತ್ತಾ ಹೊರಗೆ ಬರುತ್ತದೆ. ಅದಕ್ಕೆ ಮೇಲಕ್ಕೆ ಈಜುವ ತಾಕತ್ತು ಇಲ್ಲ. ಹಾಗಾಗಿ ಮುಳುಗುತ್ತಾ ಹೋಗಿ ಕ್ಲಿಪ್ಪಿನ ಮೇಲೆ ಕೂರುತ್ತದೆ. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಕ್ಲಿಪ್ ಸಡಿಲಿಸಿ ಮೊದಲ ಕೆಲವು ಮಿಲಿಲೀಟರ್ ಮಾತ್ರ ಹಿಡಿಯುತ್ತೇನೆ. ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ಮೆಲ್ಲಗೆ ತಿರುಗಿಸಿ, ತಳದ ಹನಿಯನ್ನು ಸ್ಲೈಡಿಗೆ ಹಾಕುತ್ತೇನೆ.

ಕೈ ಕೊಡುವ ಭಾಗ ಯಾವಾಗಲೂ ಟ್ಯೂಬ್. ರಬ್ಬರ್ ಹಳತಾದಂತೆ ಗಟ್ಟಿಯಾಗಿ ಸೀಳುತ್ತದೆ, ಕ್ಲಿಪ್ಪಿನ ಸ್ಪ್ರಿಂಗ್ ಸೋಲುತ್ತದೆ. ರಾತ್ರಿ ಹನಿಹನಿಯಾಗಿ ಸೋರಿದರೆ ಬೆಳಗ್ಗೆ ಫನಲ್ ಒಣಗಿರುತ್ತದೆ, ಬಂದ ಲಾರ್ವಾ ಮೇಜಿನ ಪಾಲು. ಅದಕ್ಕೆ ಮಾದರಿ ಇಡುವ ಮುನ್ನ ಬರೀ ನೀರು ತುಂಬಿ ಸ್ವಲ್ಪ ಹೊತ್ತು ನೋಡುವುದು ಒಳ್ಳೆಯದು. ಟ್ಯೂಬಿನೊಳಗೆ ಗಾಳಿಗುಳ್ಳೆ ಕೂತಿದ್ದರೆ ಲಾರ್ವಾ ಅದರ ಮೇಲೇ ನಿಲ್ಲುತ್ತದೆ, ಟ್ಯೂಬನ್ನು ಬೆರಳಿನಿಂದ ಹಿಂಡಿ ಓಡಿಸಬೇಕು. ಇನ್ನೊಂದು ತೊಂದರೆ ಫನಲ್ಲಿನ ಆಕಾರದ್ದೇ. ಇಳಿಜಾರು ಗೋಡೆಯ ಮೇಲೆ ಕೆಲವು ಲಾರ್ವಾ ಹಾಗೇ ಉಳಿದುಬಿಡುತ್ತವೆ. ಜಾಸ್ತಿ ಹೊತ್ತು ಬಿಟ್ಟರೆ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ, ಇಳಿದವೂ ಸಾಯತೊಡಗುತ್ತವೆ.

ಸ್ಲೈಡಿನಲ್ಲಿ ಲಾರ್ವಾ ಕುಣಿಯುವುದು ಕಂಡರೆ ಖುಷಿಯೇ. ಆದರೆ ಅದು ಯಾರದ್ದು? ಒಂದು ಮಾದರಿಯ ಕಥೆ ಹೇಳುತ್ತೇನೆ. ಮನುಷ್ಯನ ಮಲ, ಬಂದ ಚೀಟಿಯಲ್ಲಿ ಹೊತ್ತಿನ ವಿವರವಿಲ್ಲ. ಫನಲ್‌ನಿಂದ ಬಂದವು ಮಿಲಿಮೀಟರಿನ ಕಾಲುಭಾಗದಷ್ಟು ಉದ್ದದ ಲಾರ್ವಾ. ತಾಜಾ ಮಲವಾಗಿದ್ದರೆ ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳುವಿನದ್ದು ಎಂದು ಬಲವಾಗಿ ಅನುಮಾನಿಸಬಹುದು. ಅದರ ಮೊಟ್ಟೆ ಕರುಳಲ್ಲೇ ಒಡೆದು, ಲಾರ್ವಾ ಆಗಿಯೇ ಹೊರಬರುತ್ತದೆ. ಕೊಕ್ಕೆಹುಳು ಮೊಟ್ಟೆಯಾಗಿ ಹೊರಬರುತ್ತದೆ. ಆದರೆ ಮಾದರಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಕೂತಿದ್ದರೆ ಆ ಮೊಟ್ಟೆಗಳೂ ಒಡೆಯುತ್ತವೆ. ಆಗ ಎರಡೂ ಫನಲ್‌ನಲ್ಲಿ ಒಂದೇ ಥರ ಇಳಿಯುತ್ತವೆ.

ಹನಿಗೆ ಅಯೋಡಿನ್ ಸೇರಿಸಿ ಲಾರ್ವಾವನ್ನು ನಿಲ್ಲಿಸಿದೆ. ಓಡಾಡುವ ಹುಳುವಿನ ಬಾಯಿ ನೋಡಲು ಹೋಗುವುದು ಸುಮ್ನೆ ಕಣ್ಣಿಗೆ ಶಿಕ್ಷೆ. ಕೊಕ್ಕೆಹುಳುವಿನ ಲಾರ್ವಾದಲ್ಲಿ ಬಾಯಿಯ ಕೊಳವೆ ಉದ್ದ, ಅದರ ಮೈ ಎಷ್ಟು ಅಗಲವೋ ಸುಮಾರು ಅಷ್ಟು. ಇದರಲ್ಲಿ ಅದು ತೀರಾ ಗಿಡ್ಡ. ಮೈ ಮಧ್ಯದಲ್ಲಿ ಮುಂದೆ ಜನನಾಂಗವಾಗುವ ಜೀವಕೋಶಗಳ ಗುಂಪು ದೊಡ್ಡದಾಗಿ, ಎದ್ದು ಕಾಣುತ್ತಿತ್ತು. ಕೊಕ್ಕೆಹುಳುವಿನಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಎರಡೂ ಗುರುತು ಒಂದೇ ಕಡೆ ಬೆರಳು ತೋರಿಸಿದವು, ಸ್ಟ್ರಾಂಜಿಲಾಯ್ಡಿಸ್ ಎಂದು ಬರೆದೆ. ಇದು ಸಣ್ಣ ವಿಷಯವಲ್ಲ. ಈ ಹುಳು ಇರುವವರಿಗೆ ಸ್ಟೀರಾಯ್ಡ್ ಕೊಟ್ಟರೆ ಲಾರ್ವಾ ಮೈಯೆಲ್ಲ ಹರಡಿ ಜೀವಕ್ಕೇ ಅಪಾಯವಾಗಬಹುದು.

ದನ, ಕುರಿಗಳ ಮಾದರಿಗೆ ಇನ್ನೊಂದು ಎಚ್ಚರಿಕೆ. ನೆಲದಿಂದ ಎತ್ತಿದ ಸಗಣಿಯಲ್ಲಿ ಮಣ್ಣಿನ ಹುಳುಗಳೂ ಸೇರಿರುತ್ತವೆ, ಅವೂ ಫನಲ್‌ನಲ್ಲಿ ಬರುತ್ತವೆ. ಒಂದೇ ಹನಿಯಲ್ಲಿ ಮರಿಯಿಂದ ಮೊಟ್ಟೆ ಹೊತ್ತ ಹೆಣ್ಣಿನವರೆಗೆ ಎಲ್ಲ ವಯಸ್ಸಿನವೂ ಕಂಡರೆ, ಅಥವಾ ಬಾಯಲ್ಲಿ ಸೂಜಿಯಂಥ ಮುಳ್ಳು ಕಂಡರೆ, ಅನುಮಾನ ಪಡಬೇಕು. ನೇರವಾಗಿ ಗುದದಿಂದ ತೆಗೆದ ಮಾದರಿಗೆ ಈ ತಲೆನೋವಿಲ್ಲ.

ಮಣ್ಣಿಗೂ ಬಳಸಿದ್ದೇನೆ. ಬೇರುಗಂಟು ಹುಳುವಿನ ಮರಿಗಳು ಚೆನ್ನಾಗಿ ಇಳಿಯುತ್ತವೆ. ಮಣ್ಣಿನ ಪದರ ತೆಳ್ಳಗಿರಬೇಕು, ಅಷ್ಟೇ. ತೀರಾ ನಿಧಾನವಾಗಿ ತೆವಳುವ ಉಂಗುರದ ಮೈಯ ಹುಳುಗಳು ಹೆಚ್ಚಾಗಿ ಮೇಲೇ ಉಳಿಯುತ್ತವೆ. ಹೀಗಾಗಿ ಬಂದ ಲೆಕ್ಕವನ್ನು ಮಣ್ಣಿನಲ್ಲಿದ್ದ ಹುಳುಗಳ ಲೆಕ್ಕ ಎಂದು ಓದಬಾರದು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕತ್ತರಿಸಿದ್ದು 'ಇಲ್ಲ' ಎಂಬ ಉತ್ತರಕ್ಕೆ. ಸತ್ತ ಲಾರ್ವಾ ಬರುವುದಿಲ್ಲ, ಆದ್ದರಿಂದ ಫ್ರಿಡ್ಜ್‌ನಲ್ಲಿಟ್ಟ ಅಥವಾ ಫಾರ್ಮಾಲಿನ್ ಹಾಕಿದ ಮಾದರಿ ಇದಕ್ಕೆ ಬೇಡ. ಸ್ಟ್ರಾಂಜಿಲಾಯ್ಡಿಸ್ ಪ್ರತಿದಿನವೂ ಲಾರ್ವಾ ಬಿಡುವುದಿಲ್ಲ. ಅನುಮಾನ ಬಲವಾಗಿದ್ದರೆ ಬೇರೆ ಬೇರೆ ದಿನದ ತಾಜಾ ಮಾದರಿ ಕೇಳುತ್ತೇನೆ. ವರದಿಯಲ್ಲಿ 'ಹುಳು ಇಲ್ಲ' ಎಂದು ಬರೆಯುವುದಿಲ್ಲ. 'ಈ ಮಾದರಿಯಲ್ಲಿ ಲಾರ್ವಾ ಸಿಗಲಿಲ್ಲ' ಎಂದಷ್ಟೇ ಬರೆಯುತ್ತೇನೆ.