ಮಗಳ ಮೊದಲ ಡೆಸ್ಕ್‌ಟಾಪ್: ಹಳೆ ಆಫೀಸ್ ಸೆಟ್ಟೋ, ಅಸೆಂಬಲ್ಡ್ ಸೆಟ್ಟೋ?

ಸುರತ್ಕಲ್‌ನ ನಮ್ಮ ಮನೆಗೆ ಮೂರು ವರ್ಷದಲ್ಲಿ ಎರಡು ಡೆಸ್ಕ್‌ಟಾಪ್ ಬಂದವು. ಮೊದಲನೆಯದು ಆಫೀಸಿನಲ್ಲಿ ಬಳಸಿ ಬಿಟ್ಟ ತೆಳ್ಳಗಿನ ಸೆಟ್, 12,000 ರೂಪಾಯಿ. ಎರಡನೆಯದು ಹಂಪನಕಟ್ಟೆಯಲ್ಲಿ ಜೋಡಿಸಿಕೊಂಡದ್ದು, ಮಾನಿಟರ್ ಬಿಟ್ಟು ಇದರ ಎರಡರಷ್ಟು. ಆದರೂ ನಾನು ಹೇಳುವುದು ಎರಡನೆಯದನ್ನೇ.

ಹಳೆ ಸೆಟ್ ಕೆಲಸದಲ್ಲಿ ಏನೂ ಕಡಿಮೆ ಇರಲಿಲ್ಲ. ಮಗಳ ಪ್ರಾಜೆಕ್ಟ್, ಟೈಪಿಂಗ್, ವಿಡಿಯೋ ಪಾಠ ಎಲ್ಲ ಆರಾಮವಾಗಿ ನಡೆಯುತ್ತಿತ್ತು. ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿ ಬಂತು, ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಅದರ ಎಸ್‌ಎಂಪಿಎಸ್ ಸುಟ್ಟುಹೋಯಿತು. ಹೊಸದು ಹಾಕಿದರಾಯಿತು ಅಂದುಕೊಂಡೆ.

ಆದರೆ ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ಆ ತೆಳ್ಳಗಿನ ಡಬ್ಬಿಯೊಳಗೆ ಹಿಡಿಸಲೇ ಇಲ್ಲ. ಮಾಮೂಲಿ ಮದರ್‌ಬೋರ್ಡಿಗೆ 24 ಪಿನ್ನಿನ ಅಗಲ ಪ್ಲಗ್ ಬೇಕು. ಇದರ ಬೋರ್ಡಿನಲ್ಲಿದ್ದದ್ದು 6 ಪಿನ್ನಿನ ಬೇರೆಯೇ ಪ್ಲಗ್. ನಡುವೆ ಹಾಕುವ ಕೇಬಲ್ ಸಿಗುತ್ತದೆ, ಆದರೆ ಎಸ್‌ಎಂಪಿಎಸ್ ಡಬ್ಬಿಯ ಹೊರಗೆ ನೇತಾಡಬೇಕು. ಮಗು ಕೂರುವ ಮೇಜಿನ ಮೇಲೆ ಅದು ಬೇಡ ಅಲ್ವಾ? ಬೋರ್ಡನ್ನು ದೊಡ್ಡ ಕ್ಯಾಬಿನೆಟ್ಟಿಗೆ ಹಾಕೋಣವೆಂದರೆ ಪವರ್ ಬಟನ್ನಿನ ವೈರ್ ಕೂಡ ಹೊಂದಲಿಲ್ಲ. ಅದೇ ಮಾದರಿಯ ಹಳೆ ಎಸ್‌ಎಂಪಿಎಸ್ ಹುಡುಕಲು ಮೂರು ವಾರ ಹೋಯಿತು.

ಹಾಗಾಗಿ ಹಳೆ ಸೆಟ್ ನೋಡಲು ಹೋದಾಗ ಪಕ್ಕದ ಮುಚ್ಚಳ ತೆಗೆಸಿ. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಹೋಗುವ ಅತಿ ಅಗಲದ ಪ್ಲಗ್ಗಿನ ಪಿನ್ ಎಣಿಸಿ. ಎರಡು ಸಾಲಿನಲ್ಲಿ ಹನ್ನೆರಡು ಹನ್ನೆರಡು ಇದ್ದರೆ ಸರಿ. ಕಡಿಮೆ ಇದ್ದರೆ ಮುಂದೆ ರಿಪೇರಿಗೂ ಅಪ್‌ಗ್ರೇಡ್‌ಗೂ ಅದೇ ತೊಂದರೆ.

ಪ್ರೊಸೆಸರ್ ನಂಬರನ್ನೂ ನೋಡಿ. ನಮ್ಮ ಹಳೆ ಸೆಟ್ಟಿನದು i5-6500, ಅಂದರೆ ಆರನೇ ಜನರೇಷನ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೆಯದರಿಂದ ಮೇಲೆ ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅಸೆಂಬಲ್ಡ್ ಸೆಟ್ಟಿಗೆ ರೈಜನ್ 5 5600G ಹಾಕಿಸಿದೆ. ಚಿತ್ರ ತೋರಿಸುವ ಭಾಗ ಅದರೊಳಗೇ ಇರುವುದರಿಂದ ಗ್ರಾಫಿಕ್ಸ್ ಕಾರ್ಡ್ ಬೇಡ. ರ‍್ಯಾಮ್ 8 ಜಿಬಿಯ ಒಂದೇ ಸ್ಟಿಕ್, ಪಕ್ಕದ ಜಾಗ ಖಾಲಿ. ಮಗಳು ಒಂಬತ್ತನೇ ಕ್ಲಾಸಿಗೆ ಹೋದಾಗ ಇನ್ನೊಂದು 8 ಜಿಬಿ ಸೇರಿಸಿದೆವು. ಸ್ಕ್ರೂ ತೆಗೆದು ಒತ್ತುವ ಕೆಲಸ ಅವಳೇ ಮಾಡಿದಳು. ಎಸ್‌ಎಂಪಿಎಸ್ 450 ವಾಟಿನ ಮಾಮೂಲಿ ಅಳತೆಯದು, ಕೆಟ್ಟರೆ ಅದೇ ದಿನ ಬದಲಾಯಿಸಬಹುದು. ಜೊತೆಗೆ 600 ವಿಎ ಯುಪಿಎಸ್. ಸಿಡಿಲು ಶುರುವಾದರೆ ಅದರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತುಬಿಡುತ್ತೇವೆ.

ಒಂದು ತೊಂದರೆ ಇದೆ: ಅಸೆಂಬಲ್ಡ್ ಸೆಟ್ಟಿನಲ್ಲಿ ಒಂದೊಂದು ಭಾಗಕ್ಕೆ ಬೇರೆ ಬೇರೆ ವಾರಂಟಿ. ಬಿಲ್ಲುಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟಿದ್ದೇನೆ.

ಕೈಯಲ್ಲಿ 15,000 ಮಾತ್ರ ಇದ್ದರೆ ಹಳೆಯದೇ ತೆಗೆದುಕೊಳ್ಳಿ. ಆದರೆ ತೆಳ್ಳಗಿನದು ಬೇಡ. ಎಂಟನೇ ಜನರೇಷನ್ನಿನ, 24 ಪಿನ್ನಿನ ಟವರ್ ಸಿಗುವ ತನಕ ಕಾಯಿರಿ.