ಗ್ರೇಡಿಯಂಟ್ ಬ್ಯಾಕ್‌ಗ್ರೌಂಡ್ ಪ್ಯಾಕ್: ಸ್ಕ್ರೀನ್ ಮೇಲೆ ಪಟ್ಟಿ, ಪ್ರಿಂಟ್‌ನಲ್ಲಿ ರಾಡಿ

ಕಲಬುರಗಿಯಲ್ಲಿ ನಮ್ಮದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಫ್ಲೆಕ್ಸ್, ಸಮಾರಂಭದ ಎಲ್‌ಇಡಿ ಪರದೆಗೆ ಬೇಕಾದ ಡಿಸೈನ್, ಹೀಗೆ ಎಲ್ಲ ಕೆಲಸವೂ ಬರುತ್ತದೆ. ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ಕರಗುವ ಗ್ರೇಡಿಯಂಟ್ ಬ್ಯಾಕ್‌ಗ್ರೌಂಡ್‌ಗಳ ಪ್ಯಾಕ್ ಒಂದನ್ನು ಆನ್‌ಲೈನ್‌ನಲ್ಲಿ ಕೊಂಡು ವರ್ಷಕ್ಕಿಂತ ಜಾಸ್ತಿ ಬಳಸಿದ್ದೇನೆ. ಪ್ರತಿ ಡಿಸೈನಿಗೂ ಒಂದು ಜೆಪೆಗ್, ಲೇಯರ್‌ಗಳಿರುವ ಫೋಟೋಶಾಪ್ ಫೈಲ್ ಅಂದರೆ ಒಂದು ಪಿಎಸ್‌ಡಿ ಇದೆ. ಮಾರಿದವರ ಹೆಸರು ಬರೆಯುವುದಿಲ್ಲ. ಇಂಥ ಪ್ಯಾಕ್‌ಗಳು ಬೇಕಾದಷ್ಟಿವೆ, ತೊಂದರೆಯೂ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ಥಂಬ್‌ನೇಲ್‌ನಲ್ಲಿ ಎಲ್ಲವೂ ಬೆಣ್ಣೆಯ ಹಾಗೆ ನುಣ್ಣಗೆ ಕಾಣುತ್ತವೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ದೊಡ್ಡ ಪರದೆ ಒಂದು ಪರೀಕ್ಷೆ, ಕಾಗದ ಇನ್ನೊಂದು. ಒಂದರಲ್ಲಿ ಪಾಸಾದ ಫೈಲ್ ಇನ್ನೊಂದರಲ್ಲಿ ಫೇಲ್ ಆಗಬಹುದು.

ಮೊದಲು ಪರದೆಯ ವಿಷಯ. ಪ್ಯಾಕ್‌ನಲ್ಲಿ ರಾತ್ರಿ ಆಕಾಶದಂಥ ಕಡು ನೀಲಿ ಬ್ಯಾಕ್‌ಗ್ರೌಂಡ್ ಒಂದಿದೆ. ಒಂದು ಕಾಲೇಜಿನ ಸಮಾರಂಭಕ್ಕೆ ಅದನ್ನೇ ಆರಿಸಿದ್ದರು. ಕತ್ತಲೆ ಹಾಲ್‌ನಲ್ಲಿ ಜೆಪೆಗ್ ಹಾಕಿ ನೋಡಿದಾಗ ಅಡ್ಡಡ್ಡ ಪಟ್ಟಿಗಳು ಎದ್ದು ಕಂಡವು. ಕಾರಣ ಲೆಕ್ಕದಲ್ಲೇ ಇದೆ. ಮೇಲ್ತುದಿಯ ಬಣ್ಣ ಕೆಂಪು 8, ಹಸಿರು 12, ನೀಲಿ 40. ಕೆಳತುದಿಯಲ್ಲಿ 18, 30, 72. 8 ಬಿಟ್ ಫೈಲ್‌ನಲ್ಲಿ ಒಂದೊಂದು ಚಾನೆಲ್‌ಗೂ ಒಟ್ಟು 256 ಮೆಟ್ಟಿಲು ಇದ್ದರೂ ಇಲ್ಲಿ ನೀಲಿಗೆ ಸಿಗುವುದು 32 ಮಾತ್ರ. ಪರದೆಯ ಎತ್ತರ 1080 ಪಿಕ್ಸೆಲ್. ಅಂದರೆ ಒಂದು ಮೆಟ್ಟಿಲು ಸುಮಾರು 34 ಪಿಕ್ಸೆಲ್ ಅಗಲ. ಹಸಿರು, ಕೆಂಪಿನ ಮೆಟ್ಟಿಲು ಇನ್ನೂ ಅಗಲ. ಕತ್ತಲೆಗೆ ಹೊಂದಿಕೊಂಡ ಕಣ್ಣು ಇಷ್ಟು ಅಗಲದ ಪಟ್ಟಿಯನ್ನು ಸುಲಭವಾಗಿ ಹಿಡಿಯುತ್ತದೆ. ಅದೇ ಎತ್ತರದಲ್ಲಿ ಬಣ್ಣ 200 ಮೆಟ್ಟಿಲು ಬದಲಾದರೆ ಒಂದೊಂದು ಐದಾರು ಪಿಕ್ಸೆಲ್ ಅಷ್ಟೇ, ಗೊತ್ತೇ ಆಗುವುದಿಲ್ಲ. ಹಾಗಾಗಿ ಹತ್ತಿರ ಹತ್ತಿರದ ಎರಡು ಕಡು ಬಣ್ಣಗಳನ್ನು ದೊಡ್ಡ ಜಾಗಕ್ಕೆ ಎಳೆದ ಗ್ರೇಡಿಯಂಟ್ ಮೇಲೇ ಜಾಸ್ತಿ ಅನುಮಾನ ಇರಲಿ.

ಪಟ್ಟಿ ಕಂಡ ಕೂಡಲೇ ಫೈಲನ್ನು ಬೈಯುವ ಹಾಗೂ ಇಲ್ಲ. ಕಡಿಮೆ ಬೆಲೆಯ ಎಷ್ಟೋ ಮಾನಿಟರ್‌ಗಳ ಪ್ಯಾನೆಲ್ 6 ಬಿಟ್‌ನದು. ಫೈಲ್ ಸರಿ ಇದ್ದರೂ ಪಟ್ಟಿ ತೋರಿಸಬಲ್ಲವು. ತಪ್ಪು ಯಾರದು ಅಂತ ನೋಡಲು ನಾನು ಫೈಲನ್ನು 100% ಜೂಮ್‌ನಲ್ಲಿ ಇಟ್ಟು, ಮೇಲೆ ಒಂದು Curves ಲೇಯರ್ ಹಾಕಿ ಗೆರೆಯನ್ನು ಕಡಿದಾಗಿ ಎಳೆಯುತ್ತೇನೆ. ಫೈಲ್‌ನಲ್ಲೇ ಪಟ್ಟಿ ಇದ್ದರೆ ಮೆಟ್ಟಿಲು ಮೆಟ್ಟಿಲಾಗಿ ಸ್ಪಷ್ಟವಾಗಿ ಬಿಚ್ಚಿಕೊಳ್ಳುತ್ತದೆ. ಫೈಲ್ ಚೆನ್ನಾಗಿದ್ದರೆ ಸಣ್ಣ ರವೆ ಚೆಲ್ಲಿದ ಹಾಗೆ ಕಾಳು ಕಾಳು ಕಾಣುತ್ತದೆ. ಆ ಕಾಳು ಇರಲೇಬೇಕು. ಅಕ್ಕಪಕ್ಕದ ಎರಡು ಮೆಟ್ಟಿಲುಗಳ ಬಣ್ಣವನ್ನು ಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಲಸಿದಾಗಲೇ ಕಣ್ಣಿಗೆ ಗಡಿ ಮಾಯವಾಗುವುದು. ಇದಕ್ಕೆ ಡಿದರಿಂಗ್ ಅನ್ನುತ್ತಾರೆ.

ಈ ಪ್ಯಾಕ್‌ನ ಜೆಪೆಗ್‌ಗಳಲ್ಲಿ ಆ ಕಾಳೇ ಇಲ್ಲ. ಮೊದಲು ಇದ್ದಿರಬಹುದು, ಜೆಪೆಗ್ ಫೈಲನ್ನು ಒತ್ತಿ ಚಿಕ್ಕದು ಮಾಡುವಾಗ ಇಂಥ ಸಣ್ಣ ವಿವರವೇ ಮೊದಲು ಹೋಗುವುದು. ಪಿಎಸ್‌ಡಿ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬಂತು. ಅದರಲ್ಲಿ ಗ್ರೇಡಿಯಂಟ್ ಇನ್ನೂ ಜೀವಂತವಾಗಿ, Gradient Fill ಲೇಯರ್ ಆಗಿಯೇ ಇದೆ. ಫೈಲನ್ನು 16 ಬಿಟ್‌ಗೆ ಬದಲಿಸಿ, ಆ ಲೇಯರ್‌ನಲ್ಲಿ Dither ಟಿಕ್ ಮಾಡಿ, ಮೇಲೆ ಸ್ವಲ್ಪ ನಾಯ್ಸ್ ಸೇರಿಸಿ, ಕೊನೆಗೆ 8 ಬಿಟ್ ಪಿಎನ್‌ಜಿ ತೆಗೆದೆ. ಪಟ್ಟಿ ಹೋಯಿತು. ಜೆಪೆಗ್ ಅನ್ನೇ 16 ಬಿಟ್ ಮಾಡಿದರೆ ಏನೂ ಆಗುವುದಿಲ್ಲ, ಹೋದ ಮೆಟ್ಟಿಲು ವಾಪಸ್ ಬರುವುದಿಲ್ಲ. ಇನ್ನೊಂದು ಮಾತು: ಇಷ್ಟೆಲ್ಲಾ ಮಾಡಿ ಎಲ್‌ಇಡಿಯವರಿಗೆ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಮತ್ತೆ ಒತ್ತಿ ಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಈಗ ಪ್ರಿಂಟ್. ಇಲ್ಲೇ ಪ್ಯಾಕ್ ನನಗೆ ಜಾಸ್ತಿ ಬೇಸರ ತಂದದ್ದು.

ಒಂದು ಮದುವೆ ಪತ್ರಿಕೆಗೆ ಮನೆಯವರು ಚೆಂಡುಹೂವಿನ ಕಿತ್ತಳೆಯಿಂದ ನವಿಲು ನೀಲಿಗೆ ಇಳಿಯುವ ಡಿಸೈನ್ ಮೆಚ್ಚಿದರು. ಸ್ಕ್ರೀನ್ ಮೇಲೆ ಎರಡು ತುದಿಗಳ ಹೊಳಪಿನಲ್ಲಿ ನಡುವಿನ ಭಾಗದ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಕೋಟಿಂಗ್ ಇಲ್ಲದ ಒರಟು ಕಾಗದದ ಮೇಲೆ ಪ್ರೂಫ್ ತೆಗೆಸಿದೆವು. ಪ್ರೆಸ್‌ನ ಹಿರಿಯರು ಅದನ್ನು ಬೆಳಕಿಗೆ ಹಿಡಿದು, "ಸರ, ಎರಡೂ ಕಡಿ ಚಂದ ಅದರಿ, ನಡುವ ಪೂರಾ ರಾಡಿ ಆಗ್ಯದ ನೋಡ್ರಿ" ಅಂದರು. ನಿಜ, ಮಧ್ಯದಲ್ಲಿ ಒಂದು ಕಂದು ಬೂದಿ ಪಟ್ಟೆ.

ಯಾಕೆ ಹೀಗೆ? ಶಾಯಿಯ ಪರ್ಸೆಂಟ್ ಲೆಕ್ಕದಲ್ಲಿ ಕಿತ್ತಳೆ ಅಂದರೆ ಮೆಜೆಂಟಾ 50, ಹಳದಿ 100. ನವಿಲು ನೀಲಿ ಅಂದರೆ ಸಯಾನ್ 100, ಮೆಜೆಂಟಾ 60. ಸರಿಯಾಗಿ ನಡುವೆ ಬರುವುದು ಸಯಾನ್ 50, ಮೆಜೆಂಟಾ 55, ಹಳದಿ 50. ಪ್ರೆಸ್‌ನವರಿಗೆ ಈ ಅಂಕಿ ನೋಡಿದರೇ ಗೊತ್ತಾಗುತ್ತದೆ, ಯಾಕೆಂದರೆ 50, 40, 40 ಅಂದರೆ ಹೆಚ್ಚುಕಡಿಮೆ ಬೂದಿ ಬಣ್ಣವೇ. ಮೆಜೆಂಟಾ, ಹಳದಿ ಸ್ವಲ್ಪ ಜಾಸ್ತಿ ಇರುವುದರಿಂದ ಅದು ಕಂದಿಗೆ ತಿರುಗಿದೆ. ಅದರ ಮೇಲೆ ಒರಟು ಕಾಗದ ಶಾಯಿ ಕುಡಿದು ಚುಕ್ಕಿಯನ್ನು ಹಿಗ್ಗಿಸುತ್ತದೆ. ಫೈಲ್‌ನಲ್ಲಿ 50 ಇದ್ದದ್ದು ಅಲ್ಲಿ ಸುಮಾರು 70ರಂತೆ ಕಾಣಬಹುದು. ಅದಕ್ಕೇ ಆರ್ಟ್ ಪೇಪರ್‌ಗಿಂತ ಇಲ್ಲಿ ರಾಡಿ ದಟ್ಟ.

ಬ್ರೈಟ್‌ನೆಸ್ ಹೆಚ್ಚಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ದಾರಿಯನ್ನೇ ಬದಲಿಸಬೇಕು. ಫೈಲನ್ನು ಪ್ರಿಂಟ್ ಶಾಯಿಗಳ ಲೆಕ್ಕದ ಸಿಎಂವೈಕೆಗೆ ತಂದು ಗ್ರೇಡಿಯಂಟ್‌ನ ನಡುವೆ ಎರಡು ಹೊಸ ಬಣ್ಣದ ನಿಲ್ದಾಣ ಹಾಕಿದೆ. ಕಿತ್ತಳೆಯಿಂದ ಬರೀ ಹಳದಿ 100, ಅಲ್ಲಿಂದ ಸಯಾನ್ 70 ಹಳದಿ 70ರ ಹಸಿರು, ಆಮೇಲೆ ಸಯಾನ್ 100 ಮೆಜೆಂಟಾ 40ರ ನೀಲಿ. ಕೊನೆಯ ನೀಲಿಯಲ್ಲಿ ಮೆಜೆಂಟಾ ಇಳಿಸಿದ್ದು ಬೇಕಂತಲೇ, ಜಾಸ್ತಿ ಆದರೆ ನೀಲಿ ನೇರಳೆಯ ಕಡೆ ಹೋಗುತ್ತದೆ. ಈಗ ಯಾವ ಜಾಗದಲ್ಲಿ ಐಡ್ರಾಪರ್ ಇಟ್ಟರೂ ಎರಡೇ ಶಾಯಿ ಜೋರಾಗಿರುತ್ತವೆ, ಮೂರನೆಯದು ಕಡಿಮೆ. ಹಸಿರಿಗೂ ನೀಲಿಗೂ ಮಧ್ಯೆ ಸಯಾನ್ 85, ಮೆಜೆಂಟಾ 20, ಹಳದಿ 35. ಎರಡನೇ ಪ್ರೂಫ್‌ನಲ್ಲಿ ಅದು ಸ್ವಚ್ಛ ನವಿಲುಗರಿ ಬಣ್ಣವಾಗಿ ಬಂತು. ಮನೆಯವರಿಗೆ ಮೊದಲಿನದಕ್ಕಿಂತ ಇದೇ ಹಿಡಿಸಿತು.

ಪ್ರೂಫ್ ಅದೇ ಕಾಗದದ ಮೇಲೇ ತೆಗೆಸಿ. ಲೇಸರ್ ಪ್ರಿಂಟ್ ಟೋನರ್‌ನದು, ಆಫ್‌ಸೆಟ್ ಹೇಗೆ ಬರುತ್ತದೆ ಅಂತ ಅದು ಹೇಳುವುದಿಲ್ಲ. ತುದಿ ಬಿಳಿಗೆ ಕರಗುವ ಡಿಸೈನ್ ಆದರೆ ಅಲ್ಲೂ ಒಮ್ಮೆ ನೋಡಿ. ಎರಡು ಮೂರು ಪರ್ಸೆಂಟ್‌ಗಿಂತ ಸಣ್ಣ ಚುಕ್ಕಿ ಆಫ್‌ಸೆಟ್‌ನಲ್ಲಿ ನಿಲ್ಲದೇ ಹೋಗಬಹುದು, ಆಗ ಬಣ್ಣ ಥಟ್ಟನೆ ಕತ್ತರಿಸಿದ ಹಾಗೆ ಮುಗಿಯುತ್ತದೆ.

ಫ್ಲೆಕ್ಸ್‌ಗೆ ಇಷ್ಟು ತಲೆಬಿಸಿ ಇಲ್ಲ. ಜಾತ್ರೆಯ ಬ್ಯಾನರನ್ನು ಜನ ದೂರದಿಂದ ನೋಡುತ್ತಾರೆ, ಮಶಿನ್ ಚುಕ್ಕಿ ಚೆಲ್ಲುವ ರೀತಿಯಲ್ಲೇ ಸಣ್ಣ ಪಟ್ಟಿಗಳು ಮುಚ್ಚಿಹೋಗುತ್ತವೆ. ಕೆಸರು ಬಣ್ಣ ಮಾತ್ರ ಅಲ್ಲೂ ಕೆಸರೇ.

ಪ್ಯಾಕ್‌ನಲ್ಲಿ ಒಂದೇ ಬಣ್ಣದ ತಿಳಿ-ಗಾಢ ಡಿಸೈನ್‌ಗಳು, ಹಳದಿಯಿಂದ ಕೆಂಪು, ಗುಲಾಬಿಯಿಂದ ನೇರಳೆ, ಇವು ನನಗೆ ಪ್ರಿಂಟ್‌ನಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಎದುರು ಬಣ್ಣಗಳನ್ನು ನೇರ ಜೋಡಿಸಿದ್ದನ್ನು ಬೇರೆ ಫೋಲ್ಡರ್‌ಗೆ ಹಾಕಿ 'ಪರದೆಗೆ ಮಾತ್ರ' ಅಂತ ಬರೆದಿಟ್ಟಿದ್ದೇನೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಅದೂ ಪಿಎಸ್‌ಡಿ ಇರುವುದಕ್ಕೆ. ಬರೀ ಜೆಪೆಗ್ ಕೊಡುವ ಅಗ್ಗದ ಪ್ಯಾಕ್ ಆದರೆ ಕೊಳ್ಳಬೇಡಿ.